ಷೇರು, ಬಾಂಡ್ ಎರಡೂ ಒಟ್ಟಿಗೆ ಬಿದ್ದರೆ ಇಂಥ ಮಿಶ್ರಣ ಇಟ್ಟು ಏನು ಪ್ರಯೋಜನ?

ವಿನಯ್

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ನನ್ನ ಹೂಡಿಕೆ 60 ಭಾಗ ಷೇರು ಫಂಡ್, 40 ಭಾಗ ಬಾಂಡ್ ಫಂಡ್. ಷೇರು ಬಿದ್ದಾಗ ಬಾಂಡ್ ಕೈ ಹಿಡಿಯುತ್ತದೆ ಎಂದು ಎಲ್ಲ ಕಡೆ ಓದಿದ್ದೆ. 2022ರಲ್ಲಿ ಎರಡೂ ಒಟ್ಟಿಗೆ ಬಿದ್ದವು. ಅವತ್ತಿನಿಂದ ನನಗೆ ಈ ಮಿಶ್ರಣದ ಮೇಲೆಯೇ ಅನುಮಾನ.

ಈಗ ಸ್ವಲ್ಪ ಚಿನ್ನ ಸೇರಿಸೋಣ ಎಂದು ಕೂತೆ. ಹತ್ತು ವರ್ಷದ ತಿಂಗಳ ಬೆಲೆಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಚಿನ್ನಕ್ಕೂ ಷೇರು ಸೂಚ್ಯಂಕಕ್ಕೂ ಕೋರಿಲೇಶನ್, ಅಂದರೆ ಎರಡೂ ಎಷ್ಟು ಜೊತೆಯಾಗಿ ನಡೆಯುತ್ತವೆ ಎಂದು −1ರಿಂದ 1ರ ನಡುವೆ ಹೇಳುವ ಅಂಕಿ, ತೆಗೆದೆ. 0.8ಕ್ಕಿಂತ ಜಾಸ್ತಿ ಬಂತು. ಅಂದರೆ ಚಿನ್ನವೂ ಷೇರಿನ ಜೊತೆಗೇ ಹೋಗುತ್ತದೆ ಅಂತಾಯ್ತಲ್ವಾ? ಹಾಗಿದ್ದರೆ ಚಿನ್ನ ಸೇರಿಸಿ ಏನು ಉಪಯೋಗ? ತಿಳಿದವರು ಹೇಳಿ.

ಗಿರಿಜಾ

ವಿನಯ್, ಮೊದಲು ಒಂದು ಪ್ರಶ್ನೆ. ನೀವು ಹಾಕಿದ್ದು ಬೆಲೆಯನ್ನೋ, ತಿಂಗಳ ಏರಿಳಿತವನ್ನೋ? ಬೆಲೆಯನ್ನೇ ಹಾಕಿದ್ದರೆ ಆ 0.8ಕ್ಕೆ ಅರ್ಥವಿಲ್ಲ. ಹತ್ತು ವರ್ಷದಲ್ಲಿ ಮೇಲಕ್ಕೆ ಹೋದ ಯಾವ ಎರಡು ವಸ್ತು ತೆಗೆದುಕೊಂಡರೂ ಬೆಲೆಗಳ ಕೋರಿಲೇಶನ್ ಸಾಮಾನ್ಯವಾಗಿ ದೊಡ್ಡದಾಗಿಯೇ ಬರುತ್ತದೆ. ಇದು ತುಂಬಾ ಜನ ಮಾಡುವ ತಪ್ಪು. ಒಂದು ಚಿಕ್ಕ ಲೆಕ್ಕ ಇಡುತ್ತೇನೆ, ನೀವೇ ಮಾಡಿ ನೋಡಿ.

ಮೊದಲನೇ ವಸ್ತುವಿನ ಬೆಲೆ ಆರು ತಿಂಗಳಲ್ಲಿ ಹೀಗೆ: 100, 104, 103, 108, 107, 112. ಎರಡನೆಯದು: 100, 99, 104, 103, 108, 107. ಬೆಲೆಗಳ ಮೇಲೆ ಕೋರಿಲೇಶನ್ ತೆಗೆದರೆ ಸುಮಾರು 0.69 ಬರುತ್ತದೆ. ಎರಡೂ ಜೋಡಿಯಾಗಿ ನಡೆಯುತ್ತಿವೆ ಅನ್ನಿಸುತ್ತದೆ. ಆದರೆ ತಿಂಗಳು ತಿಂಗಳು ನೋಡಿ. ಮೊದಲನೆಯದು ಏರಿದ ಪ್ರತಿ ತಿಂಗಳೂ ಎರಡನೆಯದು ಇಳಿದಿದೆ. ಎರಡನೆಯದು ಏರಿದಾಗಲೆಲ್ಲ ಮೊದಲನೆಯದು ಇಳಿದಿದೆ. ತಿಂಗಳ ಶೇಕಡಾ ಬದಲಾವಣೆಯ ಮೇಲೆ ಅದೇ ಲೆಕ್ಕ ಮಾಡಿದರೆ −0.99. ಅದೇ ಅಂಕಿಗಳು, ಉತ್ತರ ಪೂರ್ತಿ ತಿರುಗುಮುರುಗು.

ದೂರಕ್ಕೆ ಎರಡೂ ಮೇಲಕ್ಕೆ ಹೋಗುವುದು ನಮಗೆ ಬೇಕಾದದ್ದೇ. ಆದರೆ ದಾರಿಯಲ್ಲಿ ಒಂದೇ ಸಲ ಎಡವಬಾರದು, ಅಷ್ಟೇ. ಕೋರಿಲೇಶನ್ ಹೇಳಬೇಕಾದದ್ದು ಆ ಎಡವುವ ಹೊತ್ತಿನ ವಿಷಯ.

ಬೆಲೆ B ಮತ್ತು C ಕಾಲಂನಲ್ಲಿದ್ದರೆ ಪಕ್ಕದಲ್ಲಿ ಎರಡು ಹೊಸ ಕಾಲಂ ಮಾಡಿ, ಆಮೇಲೆ ಅವುಗಳ ಮೇಲೆ ತೆಗೆಯಿರಿ:

```
D3:  =B3/B2-1
E3:  =C3/C2-1
     =CORREL(D3:D122,E3:E122)
```

ವಿನಯ್

ಗಿರಿಜಾ ಮೇಡಂ, ಬೆಲೆಯನ್ನೇ ಹಾಕಿದ್ದೆ. ಈಗ ನೀವು ಹೇಳಿದ ಹಾಗೆ ಮಾಡಿದೆ. ಚಿನ್ನಕ್ಕೂ ಷೇರಿಗೂ ಸೊನ್ನೆಯ ಹತ್ತಿರ ಬಂತು. ನಿಜಕ್ಕೂ ಆಶ್ಚರ್ಯ ಆಯ್ತು.

ಆದರೆ ಹೊಸ ಗೊಂದಲ ಶುರುವಾಗಿದೆ. ಸೊನ್ನೆ ಅಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಎಂದು. ಷೇರು ಬಿದ್ದಾಗ ಏರುವ ವಸ್ತು ನನಗೆ ಬೇಕು. ಸಂಬಂಧವಿಲ್ಲದ ವಸ್ತುವಿನಿಂದ ಏನು ಸಹಾಯ?

ಮಂಜು

ಸರಿಯಾಗಿ ಕೇಳಿದಿರಿ ವಿನಯ್. ಮೈನಸ್ ಕೋರಿಲೇಶನ್ ಇದ್ದರೆ ಮಾತ್ರ ಪ್ರಯೋಜನ. ಸೊನ್ನೆ ಇದ್ದರೆ ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಆದರೆ ಚಿನ್ನದ ವಿಷಯದಲ್ಲಿ ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ಚಿನ್ನ ಯಾವಾಗಲೂ ಷೇರಿನ ವಿರುದ್ಧ ಹೋಗುತ್ತದೆ. 2008ರಲ್ಲಿ ಷೇರು ಕುಸಿದಾಗ ಚಿನ್ನ ಏರಿತು. 2013ರಲ್ಲಿ ಷೇರು ಏರಿದಾಗ ಚಿನ್ನ ಬಿತ್ತು. ಇನ್ನೇನು ಬೇಕು?

ಗಿರಿಜಾ

ಮಂಜು, ನೀವು ಹೇಳಿದ ಎರಡು ವರ್ಷವೂ ನಿಜ. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ 2013ರಲ್ಲಿ ಡಿವಿಡೆಂಡ್ ಸೇರಿ ಶೇ 32ರಷ್ಟು ಏರಿತು, ಡಾಲರಿನಲ್ಲಿ ಚಿನ್ನ ಶೇ 28ರಷ್ಟು ಇಳಿಯಿತು. ಆದರೆ 2010ರಲ್ಲಿ ಎರಡೂ ಏರಿದವು. 2019ರಲ್ಲಿ ಎರಡೂ ಏರಿದವು. 2024ರಲ್ಲಿ ಎರಡೂ ಶೇ 25ರ ಆಸುಪಾಸು ಏರಿದವು. ಕೆಲವು ವರ್ಷ ವಿರುದ್ಧ, ಕೆಲವು ವರ್ಷ ಜೊತೆಗೆ. ಎಲ್ಲ ಸೇರಿ ಸರಾಸರಿ ಸೊನ್ನೆಯ ಹತ್ತಿರ ಬರುವುದು ಅದಕ್ಕೇ. ವಿನಯ್ ಲೆಕ್ಕ ಸರಿಯಾಗಿಯೇ ಇದೆ.

ಇನ್ನು ಸೊನ್ನೆ ಇದ್ದರೆ ಪ್ರಯೋಜನವಿಲ್ಲ ಎಂಬ ಮಾತು. ಇದನ್ನು ನಿಧಾನವಾಗಿ ನೋಡೋಣ.

ವರ್ಷದ ಏರಿಳಿತ ಷೇರಿಗೆ ಶೇ 18, ಚಿನ್ನಕ್ಕೆ ಶೇ 16 ಎಂದುಕೊಳ್ಳಿ. ಅರ್ಧ ಅರ್ಧ ಇಟ್ಟಿದ್ದೀರಿ. ಷೇರಿನ ಪಾಲಿನಿಂದ ಬರುವ ಏರಿಳಿತ 9, ಚಿನ್ನದ ಪಾಲಿನಿಂದ 8. ಕೋರಿಲೇಶನ್ 1 ಇದ್ದರೆ ಎರಡನ್ನೂ ಸುಮ್ನೆ ಕೂಡಬೇಕು, 17. ಯಾವ ಲಾಭವೂ ಇಲ್ಲ. ಸೊನ್ನೆ ಇದ್ದರೆ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಬೇಕು. 81ಕ್ಕೆ 64 ಸೇರಿ 145, ಅದರ ವರ್ಗಮೂಲ ಸುಮಾರು 12. ಅಂದರೆ 17ರಿಂದ 12ಕ್ಕೆ ಇಳಿಯಿತು. ಮೈನಸ್ 0.3 ಇದ್ದರೆ 10ರ ಹತ್ತಿರ ಬರುತ್ತದೆ.

ಈಗ ನೋಡಿ. 1ರಿಂದ ಸೊನ್ನೆಗೆ ಬಂದಾಗಲೇ ಐದು ಅಂಶ ಕಡಿಮೆಯಾಯಿತು. ಸೊನ್ನೆಯಿಂದ −0.3ಕ್ಕೆ ಹೋದಾಗ ಎರಡು ಅಂಶ. ಸೊನ್ನೆಗೆ ತಲುಪುವಷ್ಟರಲ್ಲೇ ದೊಡ್ಡ ಕೆಲಸ ಆಗಿರುತ್ತದೆ. 0.5 ಇದ್ದರೂ 14.7, ಅದೂ 17ಕ್ಕಿಂತ ಕಡಿಮೆಯೇ.

ಯಾಕೆ ಹೀಗೆ? ಷೇರು ಬಿದ್ದ ತಿಂಗಳು ಚಿನ್ನ ಏರಬಹುದು, ಇಳಿಯಬಹುದು, ಎರಡಕ್ಕೂ ಸಮ ಅವಕಾಶ. ಆದ್ದರಿಂದ ಎರಡೂ ಒಟ್ಟಿಗೆ ಕೆಟ್ಟದಾಗಿ ಬೀಳುವ ತಿಂಗಳುಗಳು ಕಡಿಮೆ. ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಯಾವಾಗಲೂ ಷೇರಿಗೆ ಪೂರ್ತಿ ವಿರುದ್ಧ ಹೋಗುವ ವಸ್ತು ಸಿಕ್ಕಿದರೆ ಅದರ ದೂರದ ಲಾಭವೂ ಷೇರಿಗೆ ವಿರುದ್ಧವಾಗಿಯೇ ಇರುವ ಸಾಧ್ಯತೆ ಜಾಸ್ತಿ. ವಿಮೆಯ ಹಾಗೆ ವರ್ಷ ವರ್ಷ ದುಡ್ಡು ತಿನ್ನುತ್ತದೆ.

ರಾಘು

ನನ್ನ ಅನುಭವ ಹೇಳಲೇಬೇಕು. 2020ರ ಮಾರ್ಚ್‌ನಲ್ಲಿ ನನಗೆ ಮನೆಯ ಒಂದು ಖರ್ಚಿಗೆ ತುರ್ತಾಗಿ ಹಣ ಬೇಕಾಯಿತು. ಸಲಹೆ ಕೊಡುತ್ತಿದ್ದ ಒಬ್ಬರು ಮೊದಲೇ ಹೇಳಿದ್ದರು, ಷೇರು ಬಿದ್ದರೆ ಚಿನ್ನ ಮಾರಿ, ಅದು ಏರಿರುತ್ತದೆ ಎಂದು. ಆ ಎರಡು ವಾರ ಷೇರು ದಿನ ದಿನವೂ ಬೀಳುತ್ತಿತ್ತು. ಚಿನ್ನ ತೆರೆದು ನೋಡಿದರೆ ಅದೂ ಕೆಂಪು. ಕಡಿಮೆ ಬೆಲೆಗೇ ಮಾರಿದೆ. ಕೆಲವೇ ವಾರದಲ್ಲಿ ಅದು ಮತ್ತೆ ಮೇಲಕ್ಕೆ ಹೋಯಿತು. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ವರ್ಗಮೂಲದ ಲೆಕ್ಕ ಸರಿಯೇ ಇರಬಹುದು. ಬೇಕಾದ ದಿನ ಎಲ್ಲವೂ ಒಟ್ಟಿಗೇ ಬೀಳುತ್ತದಲ್ಲ, ಅದಕ್ಕೇನು ಹೇಳುತ್ತೀರಿ?

ಸಲ್ಮಾ

ರಾಘು ಅವರೇ, ನಿಮಗಾದದ್ದು ಕೇಳಿ ಬೇಜಾರಾಯಿತು. ನಾನು ಬಾಂಡ್ ವ್ಯವಹಾರದ ಕಡೆ ಕೆಲಸ ಮಾಡಿದವಳು. ಆ ವಾರಗಳು ನನಗೂ ಚೆನ್ನಾಗಿ ನೆನಪಿವೆ.

2020ರ ಮಾರ್ಚ್ 9ರ ಸುಮಾರಿಗೆ ಚಿನ್ನ ಒಂದು ಔನ್ಸ್‌ಗೆ 1680 ಡಾಲರ್ ಹತ್ತಿರ ಇತ್ತು. ಹತ್ತು ದಿನದಲ್ಲಿ 1470ರ ಹತ್ತಿರ ಬಂತು. ಚಿನ್ನದ ಬಗ್ಗೆ ಯಾರಿಗೂ ಅಪನಂಬಿಕೆ ಹುಟ್ಟಿರಲಿಲ್ಲ. ಸಾಲ ಮಾಡಿ ಷೇರು ಕೊಂಡವರಿಗೆ, ದೊಡ್ಡ ಫಂಡ್‌ಗಳಿಗೆ, ಸಾಲಕ್ಕೆ ಭದ್ರತೆಯಾಗಿ ಇವತ್ತೇ ಇನ್ನಷ್ಟು ಮಾರ್ಜಿನ್ ಹಣ ಕಟ್ಟಿ ಎಂದು ಕರೆ ಬರುತ್ತಿತ್ತು. ಆಗ ಮನುಷ್ಯ ಬೇಡದ್ದನ್ನು ಮಾರುವುದಿಲ್ಲ, ಮಾರಲು ಆಗುವುದನ್ನು ಮಾರುತ್ತಾನೆ. ಚಿನ್ನ ಸುಲಭವಾಗಿ ಮಾರಾಟವಾಗುತ್ತದೆ, ಅದಕ್ಕೇ ಅದಕ್ಕೂ ಏಟು ಬಿತ್ತು. ಅಮೆರಿಕದ ಸರ್ಕಾರಿ ಬಾಂಡ್‌ಗಳನ್ನು ಕೂಡ ಜನ ಮುಗಿಬಿದ್ದು ಮಾರಿದರು. ಮಾರ್ಚ್ 23ರಂದು ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬೇಕಾದಷ್ಟು ಬಾಂಡ್ ಕೊಳ್ಳುತ್ತೇವೆ ಎಂದ ಮೇಲೆ ಉಸಿರು ಬಂತು.

2008ರಲ್ಲೂ ಇದೇ ಆಗಿತ್ತು. ಮಂಜು ಅವರು ಆ ವರ್ಷ ಚಿನ್ನ ಏರಿತು ಅಂದರು. ವರ್ಷದ ಕೊನೆಗೆ ನೋಡಿದರೆ ಶೇ 5ರಷ್ಟು ಏರಿದ್ದು ಹೌದು. ಆದರೆ ಮಾರ್ಚ್‌ನಲ್ಲಿ 1000 ಡಾಲರ್ ಮುಟ್ಟಿದ್ದ ಬೆಲೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ 700ರ ಆಸುಪಾಸಿಗೆ ಇಳಿದಿತ್ತು. ಷೇರು ಕುಸಿಯುತ್ತಿದ್ದ ಅದೇ ಹೊತ್ತಿನಲ್ಲಿ! ಅಕ್ಟೋಬರ್‌ನಲ್ಲಿ ಹಣ ಬೇಕಾಗಿದ್ದವರಿಗೆ ವರ್ಷದ ಕೊನೆಯ ಅಂಕಿಯಿಂದ ಏನು ಬಂತು?

ಆದ್ದರಿಂದ ಇಷ್ಟು ಒಪ್ಪಿಕೊಳ್ಳಬೇಕು. ಬೇರೆ ಬೇರೆ ನಡೆಯುವ ವಸ್ತುಗಳ ಸಹಾಯ ಸಿಗುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಗಾಬರಿಯ ಎರಡು ಮೂರು ವಾರದಲ್ಲಿ ಎಲ್ಲವೂ ಒಂದೇ ಕಡೆ ಓಡಬಹುದು. ಆರು ತಿಂಗಳ ಒಳಗೆ ಬೇಕಾಗುವ ಹಣ ಈ ಮಿಶ್ರಣದ ಒಳಗೆ ಇರಲೇಬಾರದು. ಅದಕ್ಕೆ ಬೇರೆ ಜಾಗ, ನಗದಿನ ಹಾಗೆ ಇರುವ ಜಾಗ. ಈ ಮಾತು ನಿಮಗೆ ಆಗಲೇ ಯಾರಾದರೂ ಹೇಳಬೇಕಿತ್ತು.

ರಾಘು

ಧನ್ಯವಾದ ಮೇಡಂ. ತಪ್ಪು ಚಿನ್ನದ್ದು ಎಂದುಕೊಂಡಿದ್ದೆ. ತುರ್ತು ಹಣವನ್ನು ಅದರಲ್ಲಿ ಇಟ್ಟಿದ್ದೇ ತಪ್ಪಾಗಿತ್ತು ಎಂದು ಈಗ ಗೊತ್ತಾಗುತ್ತಿದೆ.

ಆಶಾ

ನನ್ನದೂ ಒಂದು ಪ್ರಶ್ನೆ. ನನ್ನ ಹತ್ತಿರ ಈಗಾಗಲೇ ನಾಲ್ಕು ಬೇರೆ ಬೇರೆ ಕಂಪನಿಗಳ ಷೇರು ಫಂಡ್ ಇವೆ. ಅಂದರೆ ನಾನು ಹಂಚಿ ಇಟ್ಟ ಹಾಗೆಯೇ ಆಯ್ತಲ್ವಾ? ಐದನೆಯದು ಯಾವುದು ತೆಗೆದುಕೊಳ್ಳಲಿ?

ಗಿರಿಜಾ

ಆಶಾ, ಇಲ್ಲಿ ಮಾತಾಡುತ್ತಿರುವುದು ಫಂಡ್‌ಗಳ ಎಣಿಕೆಯ ಬಗ್ಗೆ ಅಲ್ಲ. ಒಂದೇ ದೇಶದ ದೊಡ್ಡ ಕಂಪನಿಗಳ ಷೇರು ಕೊಳ್ಳುವ ನಾಲ್ಕು ಫಂಡ್‌ಗಳ ನಡುವೆ ಕೋರಿಲೇಶನ್ 0.9 ಇದೆ ಅನ್ನಿ. ಪ್ರತಿಯೊಂದರ ಏರಿಳಿತ ಶೇ 18. ನಾಲ್ಕನ್ನೂ ಸಮ ಇಟ್ಟರೆ ಒಟ್ಟು ಏರಿಳಿತ 17.3. ಒಂದು ಫಂಡ್‌ನಿಂದ ನಾಲ್ಕಕ್ಕೆ ಹೋಗಿ ಕಡಿಮೆಯಾದದ್ದು ಒಂದು ಅಂಶವೂ ಇಲ್ಲ. ಐದನೆಯದರಿಂದ ಇನ್ನೂ ಕಡಿಮೆ. ನೀವು ಆ ನಾಲ್ಕರ ತಿಂಗಳ ರಿಟರ್ನ್ ತೆಗೆದು ಮೇಲಿನ ಸೂತ್ರ ಹಾಕಿ, ನಿಮಗೇ ಗೊತ್ತಾಗುತ್ತದೆ.

ವಿನಯ್

ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಷೇರಿಗೂ ಬಾಂಡಿಗೂ ಇಪ್ಪತ್ತು ವರ್ಷದ ಕೋರಿಲೇಶನ್ ತೆಗೆದೆ. ಕಾಲವನ್ನು ತುಂಡು ಮಾಡಿ ನೋಡಿದರೆ ಮೊದಲ ಭಾಗದಲ್ಲೆಲ್ಲ ಮೈನಸ್, 2022ರ ನಂತರ ಪ್ಲಸ್. ಒಂದೇ ಜೋಡಿ, ಚಿಹ್ನೆಯೇ ಬದಲಾಯಿತು. ಇದು ಹೇಗೆ?

ಸಲ್ಮಾ

ಇದೇ ನಿಜವಾದ ಪ್ರಶ್ನೆ. ಈ ಒಂದು ವಿಷಯ ಹಿಡಿದರೆ ಮೂರನೇ ವಸ್ತು ಯಾಕೆ ಬೇಕು ಎಂಬುದು ತಾನಾಗಿ ಬರುತ್ತದೆ.

ಬಾಂಡ್ ಬೆಲೆ ಬಡ್ಡಿ ದರಕ್ಕೆ ವಿರುದ್ಧ ನಡೆಯುತ್ತದೆ. ದರ ಏರಿದರೆ ಹಳೆ ಬಾಂಡ್ ಅಗ್ಗ, ಇಳಿದರೆ ತುಟ್ಟಿ. ಈಗ ಷೇರು ಬೀಳಲು ಎರಡು ಬೇರೆ ಬೇರೆ ಕಾರಣ ಇರಬಹುದು.

ಒಂದು, ವ್ಯಾಪಾರ ಕುಸಿಯುತ್ತದೆ, ಕಂಪನಿಗಳಿಗೆ ಲಾಭ ಬರುವುದಿಲ್ಲ ಎಂಬ ಭಯ. 2008 ಅಂಥದ್ದು. ಆಗ ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸುತ್ತದೆ. ಷೇರು ಬೀಳುತ್ತದೆ, ಬಾಂಡ್ ಏರುತ್ತದೆ. ಕೋರಿಲೇಶನ್ ಮೈನಸ್.

ಎರಡು, ಹಣದುಬ್ಬರ ಕೈ ಮೀರುತ್ತದೆ ಎಂಬ ಭಯ. 2022 ಅಂಥದ್ದು. ಆ ವರ್ಷ ಫೆಡರಲ್ ರಿಸರ್ವ್ ಸೊನ್ನೆಯ ಹತ್ತಿರ ಇದ್ದ ದರವನ್ನು ಡಿಸೆಂಬರ್ ಹೊತ್ತಿಗೆ 4.25-4.50ಕ್ಕೆ ಏರಿಸಿತು. ಬಡ್ಡಿ ಏರಿದ್ದರಿಂದ ಬಾಂಡ್ ಬಿತ್ತು. ಅದೇ ಬಡ್ಡಿಯಿಂದ ನಾಳಿನ ಲಾಭದ ಇವತ್ತಿನ ಬೆಲೆ ಕಡಿಮೆಯಾಗಿ ಷೇರೂ ಬಿತ್ತು. ಇಬ್ಬರಿಗೂ ಏಟು ಕೊಟ್ಟ ಕೈ ಒಂದೇ. ಕೋರಿಲೇಶನ್ ಪ್ಲಸ್.

2000ದಿಂದ ಸುಮಾರು 2021ರವರೆಗೆ ಹಣದುಬ್ಬರ ತಣ್ಣಗಿತ್ತು. ಮಾರುಕಟ್ಟೆಯ ಭಯವೆಲ್ಲ ಮೊದಲನೇ ಥರದ್ದು. ಒಂದಿಡೀ ತಲೆಮಾರು ಬಾಂಡ್ ಯಾವಾಗಲೂ ಷೇರಿಗೆ ವಿರುದ್ಧ ಎಂದೇ ಕಲಿತಿತ್ತು. ಅದಕ್ಕೂ ಹಿಂದೆ, 1970ರಿಂದ 90ರ ದಶಕದವರೆಗೆ, ಅಮೆರಿಕದಲ್ಲಿ ಈ ಜೋಡಿ ಬಹುಪಾಲು ಪ್ಲಸ್ ಆಗಿಯೇ ಇತ್ತು. 2022 ಹೊಸದೇನಲ್ಲ, ಹಳೆಯದು ಮರಳಿತು.

ಚಿನ್ನಕ್ಕೆ ಬಡ್ಡಿ ಇಲ್ಲ, ಲಾಭಾಂಶ ಇಲ್ಲ. ಅದನ್ನು ನಡೆಸುವ ಶಕ್ತಿಗಳೇ ಬೇರೆ: ಹಣದ ಮೇಲಿನ ನಂಬಿಕೆ, ಡಾಲರಿನ ಬಲ, ಹಣದುಬ್ಬರ ಕಳೆದು ಉಳಿಯುವ ಬಡ್ಡಿ, ಕೇಂದ್ರ ಬ್ಯಾಂಕ್‌ಗಳ ಖರೀದಿ. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ, ಅದು ಬೇರೆ ಕಾರಣಕ್ಕೆ ಅಲುಗುತ್ತದೆ ಎಂಬುದು ನಮಗೆ ಮುಖ್ಯ.

ಇನ್ನೊಂದು ಮಾತು ವಿನಯ್. ನಿಮ್ಮ ಬಾಂಡ್ ಫಂಡ್ ಎಷ್ಟು ವರ್ಷದ್ದು ಎಂದು ನೋಡಿ. ದರ ಬದಲಾದರೆ ಬಾಂಡ್ ಬೆಲೆ ಎಷ್ಟು ಅಲುಗುತ್ತದೆ ಎಂದು ಹೇಳುವ ಅಂಕಿಯೇ ಡ್ಯುರೇಶನ್. ದರ ಒಂದು ಅಂಶ ಏರಿದರೆ, ಡ್ಯುರೇಶನ್ ಆರು ಇರುವ ಫಂಡ್ ಸುಮಾರು ಶೇ 6 ಬೀಳುತ್ತದೆ. ಎರಡು ಇದ್ದರೆ ಸುಮಾರು ಶೇ 2. ಅದೇ 2022ರಲ್ಲಿ ಉದ್ದ ಅವಧಿಯ ಬಾಂಡ್ ಇಟ್ಟವರ ಕಥೆಯೇ ಬೇರೆ, ಚಿಕ್ಕ ಅವಧಿಯದು ಇಟ್ಟವರ ಕಥೆಯೇ ಬೇರೆ.

ವಿನಯ್

ಫಂಡ್ ದಾಖಲೆ ತೆಗೆದು ನೋಡಿದೆ. ಡ್ಯುರೇಶನ್ 6.4 ಎಂದಿದೆ. ಇಷ್ಟು ವರ್ಷ ಆ ಸಾಲನ್ನು ಓದಿಯೇ ಇರಲಿಲ್ಲ.

ಈಗ ಅಂಕಿಯಲ್ಲಿ ತೋರಿಸಿ. ಚಿನ್ನ ಸೇರಿಸಿದ್ದರೆ 2008, 2022 ಹೇಗಿರುತ್ತಿತ್ತು?

ಗಿರಿಜಾ

ಮೂರು ವರ್ಷ ತೆಗೆದುಕೊಳ್ಳುತ್ತೇನೆ. ಎರಡು ಕೆಟ್ಟ ವರ್ಷ, ಜೊತೆಗೆ ಚಿನ್ನಕ್ಕೆ ಕೆಟ್ಟದಾಗಿದ್ದ ಒಂದು ವರ್ಷ. ಅದನ್ನು ಬಿಟ್ಟರೆ ಲೆಕ್ಕ ಪ್ರಾಮಾಣಿಕವಾಗುವುದಿಲ್ಲ. ಎಲ್ಲ ಅಂಕಿ ಅಮೆರಿಕದ್ದು, ಡಾಲರಿನಲ್ಲಿ, ವರ್ಷದ ಮೊದಲಿನಿಂದ ಕೊನೆಗೆ. ಬಾಂಡ್ ಅಂದರೆ ಅಲ್ಲಿನ ಒಟ್ಟಾರೆ ಬಾಂಡ್ ಸೂಚ್ಯಂಕ. ಒಂದು ಮಿಶ್ರಣ ನಿಮ್ಮ 60-40. ಇನ್ನೊಂದು 50 ಷೇರು, 30 ಬಾಂಡ್, 20 ಚಿನ್ನ.

2008: ಷೇರು −37, ಬಾಂಡ್ +5, ಚಿನ್ನ +5. ನಿಮ್ಮ 60-40ಗೆ ಸುಮಾರು ಶೇ 20 ನಷ್ಟ. ಮೂರರ ಮಿಶ್ರಣಕ್ಕೆ ಶೇ 16.

2022: ಷೇರು −18, ಬಾಂಡ್ −13, ಚಿನ್ನ ಹೆಚ್ಚುಕಡಿಮೆ ಸೊನ್ನೆ. 60-40ಗೆ ಶೇ 16 ನಷ್ಟ. ಮೂರರ ಮಿಶ್ರಣಕ್ಕೆ ಶೇ 13.

2013: ಷೇರು +32, ಬಾಂಡ್ −2, ಚಿನ್ನ −28. 60-40ಗೆ ಶೇ 18.5ರಷ್ಟು ಲಾಭ. ಮೂರರ ಮಿಶ್ರಣಕ್ಕೆ ಶೇ 10.

ಈ ಕೊನೆಯ ಸಾಲನ್ನು ಎರಡು ಸಲ ಓದಿ. 2008ರಲ್ಲಿ ಉಳಿಸಿದ್ದು ನಾಲ್ಕು ಅಂಶ, 2022ರಲ್ಲಿ ಮೂರು. 2013ರಲ್ಲಿ ಕಳೆದುಕೊಂಡದ್ದು ಎಂಟಕ್ಕಿಂತ ಜಾಸ್ತಿ. ನಿಮ್ಮ ಗೆಳೆಯರೆಲ್ಲ ಲಾಭದ ಮಾತಾಡುವಾಗ ನಿಮ್ಮ ಐದನೇ ಒಂದು ಭಾಗ ಕರಗುತ್ತಿರುತ್ತದೆ. ಆ ವರ್ಷದಲ್ಲೇ ತುಂಬಾ ಜನ ಚಿನ್ನ ಬಿಟ್ಟು ಓಡುತ್ತಾರೆ. ಬೇರೆ ಥರ ನಡೆಯುವ ವಸ್ತು ಎಂದರೆ ಇದೂ ಸೇರಿಯೇ. ಯಾವಾಗಲೂ ನಿಮ್ಮ ಬುಟ್ಟಿಯಲ್ಲಿ ಒಂದಾದರೂ ವಸ್ತು ನೋಡಲು ಬೇಸರವಾಗುವ ಹಾಗಿರುತ್ತದೆ. ಯಾವತ್ತಾದರೂ ಎಲ್ಲವೂ ಒಟ್ಟಿಗೆ ಚೆನ್ನಾಗಿ ಏರುತ್ತಿದ್ದರೆ, ಎಲ್ಲವೂ ಒಂದೇ ಕಾರಣಕ್ಕೆ ಏರುತ್ತಿವೆಯೇ ಎಂದು ನಾನು ಹುಡುಕಲು ಶುರು ಮಾಡುತ್ತೇನೆ.

ಪ್ರಕಾಶ್

ಇಲ್ಲಿ ಎಲ್ಲರೂ ಚಿನ್ನದ ಪರ ಇರುವ ಹಾಗಿದೆ. ಇನ್ನೊಂದು ಕಡೆಯನ್ನೂ ಹೇಳುತ್ತೇನೆ.

1980ರ ಜನವರಿಯಲ್ಲಿ ಚಿನ್ನ 850 ಡಾಲರ್ ಮುಟ್ಟಿತು. 1999ರಲ್ಲಿ 250ರ ಹತ್ತಿರ. ಸುಮಾರು ಇಪ್ಪತ್ತು ವರ್ಷ! ಹಣದುಬ್ಬರ ಲೆಕ್ಕ ಹಾಕಿದರೆ ನಷ್ಟ ಇನ್ನೂ ದೊಡ್ಡದು. ಆ ಕಾಲದಲ್ಲಿ ಚಿನ್ನಕ್ಕೂ ಷೇರಿಗೂ ಕೋರಿಲೇಶನ್ ಕಡಿಮೆಯೇ ಇತ್ತು. ಅದನ್ನು ಕಟ್ಟಿಕೊಂಡು ಏನು ಮಾಡಬೇಕಿತ್ತು? ಕೋರಿಲೇಶನ್ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಇಡಬಾರದು. ನಗದಿಗೂ ಷೇರಿಗೂ ಕೋರಿಲೇಶನ್ ಸೊನ್ನೆಯೇ. ಗಿರಿಜಾ ಅವರ 20 ಭಾಗ ಚಿನ್ನದ ಬದಲು 20 ಭಾಗ ಚಿಕ್ಕ ಅವಧಿಯ ಬಾಂಡ್ ಇಟ್ಟಿದ್ದರೂ 2008, 2022 ಎರಡರಲ್ಲೂ ಹತ್ತಿರ ಹತ್ತಿರ ಅದೇ ಉತ್ತರ ಬರುತ್ತಿತ್ತು. 2013ರ ಪೆಟ್ಟು ಇರುತ್ತಿರಲಿಲ್ಲ.

ಗಿರಿಜಾ

ಪ್ರಕಾಶ್ ಸರ್, ನಿಮ್ಮ ಮಾತಿನಲ್ಲಿ ತೂಕವಿದೆ. 2008ರಲ್ಲಿ ಷೇರಿನ ಪಾಲು 60ರಿಂದ 50ಕ್ಕೆ ಇಳಿದದ್ದೇ ಆ ಉಳಿತಾಯದ ದೊಡ್ಡ ಭಾಗ, ಚಿನ್ನದ ಗುಣ ಅಲ್ಲ. ಇದನ್ನು ನಾನೇ ಹೇಳಬೇಕಿತ್ತು. ವಿನಯ್, ಇದನ್ನು ಗುರುತು ಹಾಕಿಕೊಳ್ಳಿ. ಯಾವುದೇ ಮಿಶ್ರಣ ಹೋಲಿಸುವಾಗ ಷೇರಿನ ಪಾಲು ಒಂದೇ ಇಟ್ಟು ಹೋಲಿಸಬೇಕು. ಷೇರು 60 ಇಟ್ಟು, ಬಾಂಡ್ 20, ಚಿನ್ನ 20 ಮಾಡಿ ನೋಡಿ. 2008ರಲ್ಲಿ ಹೆಚ್ಚುಕಡಿಮೆ ಅದೇ ಶೇ 20 ನಷ್ಟ. 2022ರಲ್ಲಿ ಸುಮಾರು 13.5. ಅಂದರೆ ಚಿನ್ನ ನಿಜಕ್ಕೂ ಬಾಂಡಿಗಿಂತ ಬೇರೆ ಕೆಲಸ ಮಾಡಿದ್ದು 2022ರಲ್ಲಿ, 2008ರಲ್ಲಿ ಅಲ್ಲ.

ಆದರೆ ನಗದಿನ ಹೋಲಿಕೆ ನಾನು ಪೂರ್ತಿ ಒಪ್ಪುವುದಿಲ್ಲ. ನಗದು ಪೆಟ್ಟನ್ನು ತೆಳ್ಳಗೆ ಮಾಡುತ್ತದೆ. ತಾನಾಗಿ ಎದ್ದು ನಿಲ್ಲುವುದಿಲ್ಲ. 1970ರ ದಶಕದಲ್ಲಿ ಹಣದುಬ್ಬರ ನಗದನ್ನೂ ಬಾಂಡನ್ನೂ ಒಟ್ಟಿಗೆ ತಿಂದಾಗ ಚಿನ್ನ ಹಲವು ಪಟ್ಟು ಏರಿತು.

ಪ್ರಕಾಶ್

1970ರ ದಶಕವನ್ನು ಸಾಕ್ಷಿಯಾಗಿ ತರುವುದು ಸರಿಯಲ್ಲ ಮೇಡಂ. 1971ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರ್-ಚಿನ್ನದ ನಂಟು ಕಡಿದರು. ಅಲ್ಲಿಯವರೆಗೆ 35 ಡಾಲರ್‌ಗೆ ಕಟ್ಟಿಹಾಕಿದ್ದ ಬೆಲೆ ಬಿಡಿಸಿಕೊಂಡು ಏರಿತು. ಅದು ಒಂದೇ ಸಲ ಆಗುವ ಘಟನೆ. ಅದನ್ನು ಸೇರಿಸಿದ ಸರಾಸರಿಯಿಂದ ಮುಂದಿನದನ್ನು ಊಹಿಸಬಾರದು.

ಗಿರಿಜಾ

ಅದು ನ್ಯಾಯವಾದ ಆಕ್ಷೇಪ. ನಾನು ಆ ದಶಕಕ್ಕೆ ಅರ್ಧ ತೂಕ ಕೊಡುತ್ತೇನೆ, ನೀವು ಸೊನ್ನೆ ಕೊಡುತ್ತೀರಿ. ಇಲ್ಲಿ ನಾವು ಒಪ್ಪುವುದು ಕಷ್ಟ.

ಮಂಜು

ಹಣದುಬ್ಬರದ ಮಾತು ಬಂತಲ್ಲ, ಒಂದು ಸಂಶಯ. 2022ರಲ್ಲಿ ಅಮೆರಿಕದಲ್ಲಿ ನಲವತ್ತು ವರ್ಷದಲ್ಲೇ ಅತಿ ಹೆಚ್ಚು ಹಣದುಬ್ಬರ ಇತ್ತು. ಚಿನ್ನ ಹಾರಬೇಕಿತ್ತು. ಇದ್ದಲ್ಲೇ ಇತ್ತು. ಇದು ಯಾವ ರಕ್ಷಣೆ?

ಸಲ್ಮಾ

ಎರಡು ಕಡೆಯಿಂದ ಎಳೆತ ಇತ್ತು ಮಂಜು. ಬಡ್ಡಿ ಅಷ್ಟು ವೇಗವಾಗಿ ಏರಿದಾಗ ಬಡ್ಡಿ ಕೊಡದ ಚಿನ್ನ ಇಳಿಯುವುದು ರೂಢಿ, ಡಾಲರ್ ಕೂಡ ಬಲವಾಗಿತ್ತು. ಇನ್ನೊಂದು ಕಡೆ ಅದೇ ವರ್ಷ ಕೇಂದ್ರ ಬ್ಯಾಂಕ್‌ಗಳು 1000 ಟನ್‌ಗಿಂತ ಜಾಸ್ತಿ ಚಿನ್ನ ಕೊಂಡವು. ಎರಡೂ ಸೇರಿ ಬೆಲೆ ನಿಂತಲ್ಲೇ ನಿಂತಿತು. ಇದ್ದಲ್ಲೇ ಇರುವುದು ಕೂಡ, ಉಳಿದ ಎರಡೂ ಬೀಳುತ್ತಿರುವಾಗ, ಸಣ್ಣ ಕೆಲಸವಲ್ಲ.

ನೀವು ಡಾಲರಿನಲ್ಲಿ ನೋಡುತ್ತಿದ್ದೀರಿ ಎಂಬುದೂ ಇದೆ. ಆ ವರ್ಷ ಡಾಲರ್ ಎದುರು ಪೌಂಡ್, ಯೆನ್ ಎರಡೂ ಕುಸಿದವು. ಅದರಿಂದ ಪೌಂಡಿನಲ್ಲೂ ಯೆನ್ನಿನಲ್ಲೂ ಚಿನ್ನ ಶೇ 10ಕ್ಕಿಂತ ಜಾಸ್ತಿ ಏರಿತು. ನೀವು ಯಾವ ಹಣದಲ್ಲಿ ಸಂಪಾದಿಸಿ ಖರ್ಚು ಮಾಡುತ್ತೀರೋ ಅದೇ ಹಣದಲ್ಲಿ ಕೋರಿಲೇಶನ್ ತೆಗೆಯಬೇಕು. ಇನ್ನೊಬ್ಬರ ಡಾಲರ್ ಕೋಷ್ಟಕ ನೋಡಿ ತೀರ್ಮಾನ ಮಾಡಿದರೆ ತಪ್ಪಾಗಬಹುದು. ವಿನಯ್, ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಷೇರು ಒಂದು ಕರೆನ್ಸಿ, ಚಿನ್ನ ಇನ್ನೊಂದು ಕರೆನ್ಸಿ ಆಗಿಲ್ಲ ತಾನೇ?

ವಿನಯ್

ಆಗಿದೆ. ಚಿನ್ನ ಡಾಲರಿನಲ್ಲಿ ಇತ್ತು. ಸರಿ ಮಾಡುತ್ತೇನೆ.

ಇನ್ನೊಂದು ಕೇಳಬೇಕು. ಪಾಲು ನಿಗದಿ ಮಾಡಿದ ಮೇಲೆ ಹಾಗೇ ಬಿಟ್ಟರೆ ಸಾಕಾ?

ಗಿರಿಜಾ

ಬಿಟ್ಟರೆ ಕೆಲವು ವರ್ಷದಲ್ಲಿ ಪಾಲು ತಾನೇ ಬದಲಾಗುತ್ತದೆ. 2008ರ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ವರ್ಷದ ಮೊದಲು 100 ಇತ್ತು, 50-30-20. ವರ್ಷದ ಕೊನೆಗೆ ಷೇರು 31.5, ಬಾಂಡ್ 31.5, ಚಿನ್ನ 21. ಒಟ್ಟು 84. ಮತ್ತೆ 50-30-20 ಮಾಡಬೇಕಾದರೆ ಷೇರು 42 ಆಗಬೇಕು. ಅಂದರೆ ಬಾಂಡಿನಿಂದ 6ಕ್ಕೂ ಸ್ವಲ್ಪ ಜಾಸ್ತಿ, ಚಿನ್ನದಿಂದ 4ಕ್ಕೂ ಸ್ವಲ್ಪ ಜಾಸ್ತಿ ಮಾರಿ, ಪತ್ರಿಕೆಗಳೆಲ್ಲ ಪ್ರಳಯ ಎನ್ನುತ್ತಿರುವ ಹೊತ್ತಿನಲ್ಲಿ ಹತ್ತೂವರೆಯಷ್ಟು ಷೇರು ಕೊಳ್ಳಬೇಕು. 2009ರಲ್ಲಿ ಷೇರು ಶೇ 26ರಷ್ಟು ಏರಿತು. ಕೊಂಡವರಿಗೆ ಫಲ ಸಿಕ್ಕಿತು.

ಎಲ್ಲವೂ ಒಂದೇ ರೀತಿ ಬಿದ್ದಿದ್ದರೆ ಮಾರಲು ಏನೂ ಇರುತ್ತಿರಲಿಲ್ಲ. ಬೇರೆ ಬೇರೆ ನಡೆಯುವ ವಸ್ತುಗಳಿಂದ ಕೈಗೆ ಸಿಗುವ ಲಾಭ ಇಲ್ಲಿದೆ. ಆದರೆ 2008ರ ಡಿಸೆಂಬರ್‌ನಲ್ಲಿ ಕೊಂಡವರು ಮುಂದಿನ ಮಾರ್ಚ್‌ವರೆಗೆ ಇನ್ನಷ್ಟು ನಷ್ಟ ನೋಡಿದರು ಎಂಬುದನ್ನೂ ಹೇಳಬೇಕು. ನಾನು ಸ್ವತಃ ವರ್ಷಕ್ಕೊಮ್ಮೆ ನೋಡುತ್ತೇನೆ. ಪಾಲು ಐದು ಅಂಶ ದಾಟಿದ್ದರೆ ಮಾತ್ರ ಕೈ ಹಾಕುತ್ತೇನೆ. ಪದೇ ಪದೇ ಮಾಡಿದರೆ ತೆರಿಗೆ, ವ್ಯವಹಾರದ ಖರ್ಚು ತಿಂದುಹಾಕುತ್ತದೆ. ಸಾಧ್ಯವಾದರೆ ಹೊಸ ಹಣವನ್ನೇ ಕಡಿಮೆ ಇರುವ ಕಡೆ ಹಾಕಿ, ಮಾರುವ ಕೆಲಸವೇ ತಪ್ಪುತ್ತದೆ.

ಸಲ್ಮಾ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೆಲವರು ಮೂರು ವರ್ಷದ ಕೋರಿಲೇಶನ್ ತೆಗೆದು, ಅದು 0.1 ಇದ್ದದ್ದು 0.2 ಆಯಿತು ಎಂದು ಪಾಲು ಬದಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 36 ತಿಂಗಳ ಅಂಕಿಯಿಂದ ಬಂದ ಕೋರಿಲೇಶನ್‌ನಲ್ಲಿ ಆಕಸ್ಮಿಕವಾಗಿಯೇ 0.17ರಷ್ಟು ವ್ಯತ್ಯಾಸ ಇರುತ್ತದೆ. ನಿಜವಾದ ಕೋರಿಲೇಶನ್ ಸೊನ್ನೆ ಇದ್ದರೂ ನಿಮಗೆ −0.3 ಅಥವಾ +0.3 ಕಾಣಬಹುದು. ಆ ಅಂಕಿಯ ಎರಡನೇ ದಶಾಂಶದ ಮೇಲೆ ತಲೆ ಕೆಡಿಸಿಕೊಂಡು ಫಲವಿಲ್ಲ. ನಾನು ಚಿಹ್ನೆ ಬದಲಾದದ್ದನ್ನು ನೋಡುತ್ತೇನೆ, ಆಮೇಲೆ ಕಾರಣ ಹುಡುಕುತ್ತೇನೆ. ಕಾರಣ ಸಿಗದಿದ್ದರೆ ಏನೂ ಮಾಡುವುದಿಲ್ಲ.

ಪ್ರಕಾಶ್

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದೇ ಕಾರಣಕ್ಕೆ 20 ಭಾಗ ಚಿನ್ನ ಎಂಬುದು ನನಗೆ ದೊಡ್ಡ ಪಂದ್ಯ ಅನ್ನಿಸುತ್ತದೆ. ಇಷ್ಟು ಅಲುಗುವ ಅಂಕಿಯನ್ನು ನಂಬಿ ಐದನೇ ಒಂದು ಭಾಗ ಇಡುವುದಾ? ನನ್ನ ಮಟ್ಟಿಗೆ ಹತ್ತು ಸಾಕು. ಬಾಂಡ್ ಡ್ಯುರೇಶನ್ ಎರಡು ಮೂರಕ್ಕೆ ಇಳಿಸುವುದು ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಸಲ್ಮಾ

ಡ್ಯುರೇಶನ್ ಇಳಿಸಿದರೆ 2022ರಂಥ ವರ್ಷಕ್ಕೆ ಒಳ್ಳೆಯದು. ಆದರೆ 2008ರಂಥ ವರ್ಷ ಬಂದರೆ ಏರುವುದು ಉದ್ದ ಅವಧಿಯ ಬಾಂಡೇ. ಆಗ ಅದು ಕೈಯಲ್ಲಿ ಇರುವುದಿಲ್ಲ. ಮುಂದಿನ ಪೆಟ್ಟು ಯಾವ ಥರದ್ದು ಎಂದು ನಿಮಗೆ ಗೊತ್ತಿದ್ದರೆ ಆ ಆಯ್ಕೆ ಸುಲಭ ಪ್ರಕಾಶ್ ಅವರೇ.

ವಿನಯ್

ಕರೆನ್ಸಿ ಸರಿ ಮಾಡಿ, ಮತ್ತೆ ಲೆಕ್ಕ ಹಾಕಿದೆ. ಚಿನ್ನ-ಷೇರು ಸೊನ್ನೆಗಿಂತ ಸ್ವಲ್ಪ ಕೆಳಗೆ ಬಂತು. ಆದರೆ ಸಲ್ಮಾ ಮೇಡಂ ಹೇಳಿದ ಮೇಲೆ ಆ ಸ್ವಲ್ಪವನ್ನು ನಂಬುತ್ತಿಲ್ಲ.

ಸದ್ಯಕ್ಕೆ ಹೀಗೆ ಮಾಡುತ್ತಿದ್ದೇನೆ. ಎಂಟು ತಿಂಗಳ ಖರ್ಚಿನ ಹಣ ಪೂರ್ತಿ ಹೊರಗೆ ತೆಗೆದೆ. ಉಳಿದದ್ದರಲ್ಲಿ ಷೇರು 55, ಬಾಂಡ್ 32, ಚಿನ್ನ 13. ಬಾಂಡಿನಲ್ಲಿ ಅರ್ಧ ಮಾತ್ರ ಚಿಕ್ಕ ಅವಧಿಗೆ ಬದಲಿಸಿದೆ, ಇನ್ನರ್ಧ ಆ 6.4ರ ಫಂಡ್‌ನಲ್ಲೇ ಇದೆ. ಗಿರಿಜಾ ಮೇಡಂಗೂ ಪ್ರಕಾಶ್ ಸರ್‌ಗೂ ಇದು ಪೂರ್ತಿ ಹಿಡಿಸಲಿಕ್ಕಿಲ್ಲ.

ಪ್ರಕಾಶ್

ಹದಿಮೂರು ನನಗೆ ಇನ್ನೂ ಜಾಸ್ತಿಯೇ. ಆದರೆ ಚಿನ್ನ 2013ರ ಹಾಗೆ ಒಂದೇ ವರ್ಷದಲ್ಲಿ ಶೇ 28 ಬಿದ್ದರೆ ನಿಮ್ಮ ಒಟ್ಟು ಮೊತ್ತಕ್ಕೆ ಮೂರೂವರೆ ಅಂಶ ಪೆಟ್ಟು. ಅಷ್ಟು ನೋಡಿಯೂ ಮಾರದೆ, ಉಳಿದದ್ದರಿಂದ ತೆಗೆದು ಚಿನ್ನಕ್ಕೇ ಹಾಕಲು ನಿಮ್ಮಿಂದ ಆಗುತ್ತದೆಯಾ ಎಂದು ಒಂದು ರಾತ್ರಿ ಯೋಚಿಸಿ ನೋಡಿ. ಆಗುತ್ತದೆ ಅನ್ನಿಸಿದರೆ ಇಡಿ.